ಮದುವೆ ರೀಲಿನ ನಿರೂಪಣೆ: ಉತ್ಪ್ರೇಕ್ಷೆಯಿಲ್ಲದೆ ಭಾವ ತರುವುದು ಹೇಗೆ?

ಛಾಯಾಗ್ರಾಹಕನು ತನ್ನ ಕೆಲಸವನ್ನು ಹೊಸ ಗ್ರಾಹಕರಿಗೆ ತೋರಿಸಲು ಸಿದ್ಧಪಡಿಸುವ ಒಂದು ನಿಮಿಷದ ರೀಲಿನಲ್ಲಿ ನಿರೂಪಣೆಗೆ ಸಿಗುವ ಜಾಗ ಬಹಳ ಕಡಿಮೆ. ಕನ್ನಡದ ಪದಗಳು ವಿಭಕ್ತಿ, ಪ್ರತ್ಯಯ ಸೇರಿ ಉದ್ದವಾಗುವುದರಿಂದ, ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 90 ಪದಗಳಷ್ಟೇ ಹಿಡಿಯುತ್ತವೆ. ಓಲಗಕ್ಕೆ, ಮಂತ್ರಕ್ಕೆ, ಮನೆಯವರ ನಗುವಿಗೆ ಜಾಗ ಬಿಟ್ಟ ಮೇಲೆ ನಮಗೆ ಉಳಿಯುವುದು 30ರಿಂದ 40 ಪದ. ಇಷ್ಟರಲ್ಲಿ ವಿಶೇಷಣಗಳನ್ನು ತುಂಬಿದರೆ ವಿಷಯಕ್ಕೆ ಜಾಗವೇ ಇರುವುದಿಲ್ಲ.

ತಿಪಟೂರಿನ ಛತ್ರವೊಂದರಲ್ಲಿ ನಡೆದ ಮದುವೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ಜನ್ಮಜನ್ಮಾಂತರದ ಬಂಧವೊಂದು ಅಂದು ಸಾಕಾರಗೊಂಡಿತು. ಆ ಕ್ಷಣಕ್ಕೆ ಕಾಲವೇ ನಿಂತುಹೋಯಿತು. ಅಪ್ಪನ ಕಣ್ಣೀರು ಕಡಲಾಗಿ ಹರಿಯಿತು."

ಈ ಮೂರು ವಾಕ್ಯಗಳನ್ನು ಕೋಲಾರದ ಮದುವೆಗೂ ಚಿಕ್ಕಬಳ್ಳಾಪುರದ ಮದುವೆಗೂ ಒಂದಕ್ಷರ ಬದಲಿಸದೆ ಅಂಟಿಸಬಹುದು. ಅಂದರೆ ಇವು ಯಾವ ಮದುವೆಯನ್ನೂ ಕುರಿತು ಏನನ್ನೂ ಹೇಳುವುದಿಲ್ಲ. ಜೊತೆಗೆ, ಪರದೆಯ ಮೇಲೆ ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರುವಾಗ ಧ್ವನಿಯು ಕಡಲಿನ ಮಾತಾಡಿದರೆ, ನೋಡುವವರಿಗೆ ಎರಡರ ನಡುವಿನ ಅಂತರವೇ ಎದ್ದು ಕಾಣುತ್ತದೆ. ಇದೇ ಮದುವೆಗೆ ಬರೆಯಬಹುದಾದ ಇನ್ನೊಂದು ಕರಡು:

"ಮುಹೂರ್ತಕ್ಕೆ ಇನ್ನೂ ಎರಡು ಗಂಟೆಯಿತ್ತು. ಅಜ್ಜಿ ಆಗಲೇ ಮಂಟಪದ ಮುಂದಿನ ಸಾಲಿನಲ್ಲಿ ಕುಳಿತಿದ್ದರು."

"ಧಾರೆಗೆ ಹಿಡಿದ ತೆಂಗಿನಕಾಯಿ ಇವರ ತೋಟದ್ದು. ಮಗಳು ಹುಟ್ಟಿದ ವರ್ಷ ನೆಟ್ಟ ಮರದ್ದು."

"ಹೊರಡುವ ಹೊತ್ತಿಗೆ ಅಪ್ಪ ಹೆಚ್ಚು ಮಾತಾಡಲಿಲ್ಲ. ಮಗಳ ಚೀಲವನ್ನು ತಾವೇ ಕಾರಿನವರೆಗೆ ಹೊತ್ತು ತಂದರು."

ಒಟ್ಟು 31 ಪದ, ಓದಲು ಸುಮಾರು 20 ಸೆಕೆಂಡು. ಎರಡನೆಯ ಮತ್ತು ಮೂರನೆಯ ಭಾಗದ ನಡುವೆ ಮಾಂಗಲ್ಯಧಾರಣೆ ಬರುತ್ತದೆ. ಅಲ್ಲಿ ಗಟ್ಟಿಮೇಳವನ್ನು ಪೂರ್ತಿ ಕೇಳಿಸಿ, ನಿರೂಪಣೆಯನ್ನು ನಿಲ್ಲಿಸಬೇಕು. ಆ ಸದ್ದಿನ ಮೇಲೆ ಮಾತಾಡಿದರೆ ಎರಡೂ ಕೆಡುತ್ತವೆ.

ಇಲ್ಲಿ ದುಃಖ, ಪ್ರೀತಿ ಎಂಬ ಹೆಸರುಗಳು ಎಲ್ಲಿಯೂ ಬಂದಿಲ್ಲವೆಂಬುದನ್ನು ಗಮನಿಸಿ. ಭಾವವನ್ನು ಚಿತ್ರ ತೋರಿಸುತ್ತದೆ. ಚಿತ್ರ ತೋರಿಸಲಾರದ ಸಂಗತಿಯನ್ನು ಮಾತ್ರ ಧ್ವನಿ ಹೇಳುತ್ತದೆ. ತೆಂಗಿನಕಾಯಿಯ ಮೇಲೆ ಹಾಲು ಬೀಳುವುದು ಕಾಣುತ್ತದೆ, ಆದರೆ ಅದು ಯಾವ ಮರದ್ದೆಂದು ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಅದು ಮನೆಯವರನ್ನು ಕೇಳಿಯೇ ತಿಳಿಯಬೇಕಾದ ವಿಷಯ. ತಂದೆಯವರು "ಕಾಯಿ ನಮ್ಮ ತೋಟದ್ದೇ" ಎಂದಷ್ಟೇ ಹೇಳಿದ್ದರೆ, ಮರದ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹೊಡೆದುಹಾಕಬೇಕಾಗುತ್ತದೆ. ಆದ್ದರಿಂದ ಪ್ರತಿ ವಾಕ್ಯದ ಎದುರು, ಇದನ್ನು ಕ್ಯಾಮೆರಾ ನೋಡಿದೆಯೇ, ಮೈಕು ಕೇಳಿಸಿಕೊಂಡಿದೆಯೇ, ಇಲ್ಲವೇ ಮನೆಯವರು ಹೇಳಿದರೇ ಎಂದು ಬರೆದುಕೊಳ್ಳುವುದು ಒಳ್ಳೆಯದು. "ಅಪ್ಪ ಮನಸ್ಸಿನಲ್ಲೇ ಅತ್ತರು" ಎಂಬ ವಾಕ್ಯಕ್ಕೆ ಈ ಮೂರರಲ್ಲಿ ಯಾವ ಉತ್ತರವೂ ಇರುವುದಿಲ್ಲ.

ಉತ್ಪ್ರೇಕ್ಷೆ ಮಾತಿನಲ್ಲಿ ಮಾತ್ರ ಇರುತ್ತದೆಂದು ತಿಳಿಯಬಾರದು. ಜೋಡಣೆಯಲ್ಲೂ ಅದು ನುಸುಳುತ್ತದೆ. ಹೋಮದ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ. ಆ ಶಾಟನ್ನು ಹೆಣ್ಣೊಪ್ಪಿಸುವ ಶಾಸ್ತ್ರದ ನಡುವೆ ಸೇರಿಸಿದರೆ ಹೊಗೆಯ ನೀರು ಅಗಲಿಕೆಯ ಕಣ್ಣೀರಾಗುತ್ತದೆ, ಮತ್ತು ಅಲ್ಲಿದ್ದ ನೆಂಟರಿಗೆ ಇದು ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ಹಿಂದೆ ಕಾಣುವ ಮಂಟಪ ಬೇರೆ, ಬಾಸಿಂಗ ಇನ್ನೂ ಹಣೆಯಲ್ಲಿರುತ್ತದೆ. ಕ್ರಮದ ವಿಷಯವೂ ಹಾಗೆಯೇ. ನಮ್ಮ ಕಡೆ ಆರತಕ್ಷತೆ ಹೆಚ್ಚಾಗಿ ಮುಹೂರ್ತದ ಹಿಂದಿನ ಸಂಜೆಯೇ ಮುಗಿದಿರುತ್ತದೆ. ರೀಲಿನಲ್ಲಿ ಅದನ್ನು ಕೊನೆಗೆ ಇಟ್ಟರೆ ತಪ್ಪೇನಿಲ್ಲ, ಆದರೆ ನಿರೂಪಣೆ "ಆಮೇಲೆ" ಎಂದು ಹೇಳಬಾರದು.

ಧ್ವನಿಮುದ್ರಣದ ಬಗ್ಗೆ ಒಂದೇ ಮಾತು: ಫ್ಯಾನು ನಿಲ್ಲಿಸಿ, ಎದುರಿಗೆ ಕುಳಿತ ಒಬ್ಬರಿಗೆ ಹೇಳುವ ದನಿಯಲ್ಲಿ ಓದಿ. ನಾಟಕದ ದನಿಯಲ್ಲಿ ಓದಿದರೆ ಎಷ್ಟು ಸರಳ ವಾಕ್ಯವೂ ಉಬ್ಬಿಕೊಳ್ಳುತ್ತದೆ.

ರೀಲನ್ನು ಹೊರಗೆ ಬಿಡುವ ಮೊದಲು ಒಪ್ಪಿಗೆಯ ವಿಷಯ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17(ಬಿ) ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊ ಅಥವಾ ಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಆಗಿರುತ್ತಾರೆ. ಹಾಗಾಗಿ ಮುಂಗಡ ಪಡೆಯುವಾಗಲೇ, ಪ್ರದರ್ಶನಕ್ಕೆ ಬಳಸುವ ಅನುಮತಿಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಅನುಮತಿ ಸಿಕ್ಕಿದ್ದರೂ ನಿರೂಪಣೆಯನ್ನು ಮನೆಯವರಿಗೆ ಒಮ್ಮೆ ಓದಿ ಹೇಳಿ. ತೋಟದ ಮಾತು, ಅಪ್ಪ ಚೀಲ ಹೊತ್ತ ಮಾತು ಅವರ ಮನೆಯದು. ಅದು ಬೇಡವೆಂದು ಅವರು ಹೇಳಿದರೆ ಆ ಜಾಗದಲ್ಲಿ ಮಾತಿಲ್ಲದ ಶಾಟ್ ಇಟ್ಟರೂ ರೀಲು ನಡೆಯುತ್ತದೆ.