ಪುಣೆಯಲ್ಲಿ ಇಷ್ಟು ಮಳೆ ಸುರಿದರೂ ನಕ್ಷೆಯಲ್ಲಿ ಅದು ಒಣ ಊರು ಯಾಕೆ?

ಓದುಗರ ಪ್ರಶ್ನೆ: "ನಾವು ಧಾರವಾಡದವರು, ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಈ ಸಲ ಜೂನ್‌ನಿಂದ ಬಟ್ಟೆ ಸರಿಯಾಗಿ ಒಣಗಿಲ್ಲ, ಗೋಡೆಗೆ ಬೂಷ್ಟು ಬಂದಿದೆ. ಮಗಳು ಶಾಲೆಯ ಪ್ರಾಜೆಕ್ಟಿಗೆ ಅಂತ ಹವಾಮಾನದ ನಕ್ಷೆ ಹುಡುಕಿದಳು. ಒಂದರಲ್ಲಿ ಪುಣೆ Aw, ಅಂದರೆ ಒಣ ಕಾಲವಿರುವ ಉಷ್ಣವಲಯ ಅಂತಿದೆ, ಇನ್ನೊಂದರಲ್ಲಿ BSh, ಅಂದರೆ ಅರೆ ಒಣ ಪ್ರದೇಶ. ಇಷ್ಟು ಮಳೆ ಬರುವ ಊರು ಒಣ ಊರು ಹೇಗಾಗುತ್ತದೆ? ಅವಳು ಯಾವುದನ್ನು ಬರೆಯಬೇಕು?"

ಗೋಡೆಯ ಬೂಷ್ಟೂ ನಿಜ, ಎರಡು ನಕ್ಷೆಗಳೂ ತಪ್ಪಲ್ಲ. ಗೋಡೆ ಹೇಳುತ್ತಿರುವುದು ಈ ವರ್ಷದ ಮಾತು. ನಕ್ಷೆ ಹೇಳುತ್ತಿರುವುದು ಮೂವತ್ತು ವರ್ಷದ ಮಾತು.

ನಮ್ಮ ಭಾಷೆಯಲ್ಲೇ ಇಲ್ಲೊಂದು ತೊಡಕಿದೆ. ಪತ್ರಿಕೆಯಲ್ಲಿ "ನಾಳೆಯ ಹವಾಮಾನ" ಅಂತಲೂ ಓದುತ್ತೇವೆ, "ಹವಾಮಾನ ಬದಲಾವಣೆ" ಅಂತಲೂ ಓದುತ್ತೇವೆ. ಶಬ್ದ ಒಂದೇ, ಆದರೆ ಎರಡೂ ಬೇರೆ ಬೇರೆ ವಿಷಯ. ಶಾಲೆಯ ಪುಸ್ತಕಗಳು ಇಲ್ಲಿ ಹೆಚ್ಚು ಸರಿ. ಇವತ್ತು, ನಾಳೆ, ಈ ವಾರ ಆಗುವುದು ಹವಾಮಾನ. ಒಂದು ಊರಿನಲ್ಲಿ ವರ್ಷಾನುಗಟ್ಟಲೆ ನಡೆದುಕೊಂಡು ಬಂದ ರೂಢಿ ವಾಯುಗುಣ. ಲೆಕ್ಕಕ್ಕೆ ಸಾಮಾನ್ಯವಾಗಿ ಮೂವತ್ತು ವರ್ಷದ ಸರಾಸರಿ ಹಿಡಿಯುತ್ತಾರೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಮುಂದೆ ಈ ಎರಡು ಶಬ್ದಗಳನ್ನು ಹೀಗೆ ಬೇರೆ ಬೇರೆಯಾಗಿಯೇ ಬಳಸುತ್ತೇನೆ.

ಮೂವತ್ತು ವರ್ಷ ಯಾಕೆ ಬೇಕು ಅನ್ನುವುದು ಮುಂಬೈಯ ಒಂದು ದಿನದಿಂದ ಚೆನ್ನಾಗಿ ಗೊತ್ತಾಗುತ್ತದೆ. 2005ರ ಜುಲೈ 26. ಆ ದಿನದ ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕದಲ್ಲಿ ಸಾಂತಾಕ್ರೂಜ್‌ನ ಮಳೆಮಾಪಕ 944 ಮಿಲಿಮೀಟರ್ ತೋರಿಸಿತು. ಪುಣೆಗೆ ಇಡೀ ವರ್ಷದಲ್ಲಿ ಬೀಳುವ ಸರಾಸರಿ ಮಳೆಗಿಂತ ಅದು ಜಾಸ್ತಿ. ಅದೇ ಮುಂಬೈಯ ದಕ್ಷಿಣ ತುದಿಯ ಕೊಲಾಬಾದಲ್ಲಿ ಅದೇ ದಿನ ಬಿದ್ದದ್ದು 75 ಮಿಲಿಮೀಟರ್‌ಗೂ ಕಡಿಮೆ. ಲೋಕಲ್ ರೈಲಿನ ಒಂದು ಪ್ರಯಾಣದಷ್ಟು ದೂರದಲ್ಲಿ ಇಷ್ಟು ವ್ಯತ್ಯಾಸ! ಎಷ್ಟೋ ಜನರ ಜೀವ ತೆಗೆದ ಮಳೆ ಅದು. ಆದರೆ ಆ 944ನ್ನು ಮೂವತ್ತು ವರ್ಷಕ್ಕೆ ಹಂಚಿ ನೋಡಿ. ವರ್ಷದ ಸರಾಸರಿಗೆ ಅದು ಸೇರಿಸುವುದು ಸುಮಾರು 31 ಮಿಲಿಮೀಟರ್ ಅಷ್ಟೇ. ಎರಡು ಸಾವಿರ ದಾಟುವ ಮುಂಬೈಯ ಸರಾಸರಿಯಲ್ಲಿ ಅದು ಕಾಣುವುದೂ ಕಷ್ಟ. ನಿಮ್ಮ ಈ ವರ್ಷದ ಮಳೆಯೂ ಹಾಗೆಯೇ, ಮೂವತ್ತರಲ್ಲಿ ಒಂದು ಪಾಲು.

ಇನ್ನು ಆ ಅಕ್ಷರಗಳು. Aw, BSh ಅನ್ನುವ ಗುರುತುಗಳು ವಾಯುಗುಣ ವಿಜ್ಞಾನಿ ವ್ಲಾದಿಮಿರ್ ಕೊಪ್ಪೆನ್ ಅವರ ವರ್ಗೀಕರಣದವು. ರಷ್ಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಕೆಲಸ ಮಾಡಿದವರು ಅವರು. 1884ರಲ್ಲಿ ಶುರುಮಾಡಿ ಹಲವು ದಶಕ ಅದನ್ನು ತಿದ್ದುತ್ತಲೇ ಇದ್ದರು. ಆಮೇಲೆ ರುಡೋಲ್ಫ್ ಗೈಗರ್ ಕೈಯಾಡಿಸಿದರು. ಕೊಪ್ಪೆನ್ ಅವರಿಗೆ ಗಿಡಮರಗಳ ಓದು ಚೆನ್ನಾಗಿತ್ತು. ಎಲ್ಲಿ ಎಂಥ ಕಾಡು ಬೆಳೆಯುತ್ತದೆ, ಎಲ್ಲಿ ಕಾಡು ಮುಗಿದು ಹುಲ್ಲು ಶುರುವಾಗುತ್ತದೆ ಅನ್ನುವುದನ್ನು ನೋಡಿ, ಆ ಗಡಿಗೆ ಹೊಂದುವ ಉಷ್ಣತೆ ಮತ್ತು ಮಳೆಯ ಅಂಕಿ ಹುಡುಕಿದರು. ಅದಕ್ಕೇ ಅವರ ಲೆಕ್ಕಕ್ಕೆ ಬೇಕಾಗುವುದು ಎರಡೇ: ಪ್ರತಿ ತಿಂಗಳ ಸರಾಸರಿ ಉಷ್ಣತೆ, ಪ್ರತಿ ತಿಂಗಳ ಸರಾಸರಿ ಮಳೆ. ಮನುಷ್ಯನಿಗೆ ಎಷ್ಟು ಸೆಕೆ ಆಯಿತು, ಬಟ್ಟೆ ಒಣಗಿತೋ ಇಲ್ಲವೋ ಅನ್ನುವುದನ್ನು ಅದು ಕೇಳುವುದಿಲ್ಲ. ಗಿಡಕ್ಕೆ ನೀರು ಸಾಕಾಯಿತಾ ಅನ್ನುವುದೇ ಅದರ ಪ್ರಶ್ನೆ.

ಪುಣೆಯ ಲೆಕ್ಕವನ್ನೇ ಮಾಡೋಣ. A ಗುಂಪಿಗೆ, ಅಂದರೆ ಉಷ್ಣವಲಯಕ್ಕೆ ಸೇರಲು ವರ್ಷದ ಅತಿ ತಂಪು ತಿಂಗಳ ಸರಾಸರಿಯೂ 18 ಡಿಗ್ರಿಗಿಂತ ಕೆಳಗಿಳಿಯಬಾರದು. ಪುಣೆಯ ಜನವರಿಯ ಬೆಳಗಿನ ಚಳಿ ಕಂಡವರು ಇದಕ್ಕೆ ಒಪ್ಪುವುದಿಲ್ಲ. ಸ್ವೆಟರ್, ಮಫ್ಲರ್ ಇಲ್ಲದೆ ಹಾಲು ತರಲು ಹೋಗುವುದಿಲ್ಲ ಅಲ್ವಾ? ಆದರೆ ಅದೇ ದಿನ ಮಧ್ಯಾಹ್ನ ಬಿಸಿಲು 30 ಡಿಗ್ರಿಯ ಹತ್ತಿರ ಇರುತ್ತದೆ. ರಾತ್ರಿ 11, ಮಧ್ಯಾಹ್ನ 30 ಅಂದರೆ ಸರಾಸರಿ 20 ದಾಟಿತು. ಚಳಿಗಾಲದಲ್ಲೂ ಪುಣೆ ಉಷ್ಣವಲಯವೇ.

ಆದರೆ A ಅಂತ ಬರೆಯುವ ಮೊದಲು B ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. B ಅಂದರೆ ಒಣ ಪ್ರದೇಶ. ಇದೇ ಹಂತದಲ್ಲಿ ಪುಣೆ ತೂಗಾಡುವುದು. ಎಷ್ಟು ಮಳೆಗಿಂತ ಕಡಿಮೆಯಾದರೆ ಒಣ ಊರು ಅನ್ನಬೇಕು? ಎಲ್ಲ ಊರಿಗೂ ಒಂದೇ ಅಂಕಿ ಸಲ್ಲದು. ಬಿಸಿ ಹೆಚ್ಚಿದ್ದ ಕಡೆ ನೀರು ಬೇಗ ಆವಿಯಾಗುತ್ತದೆ. ಬೇಸಿಗೆಯ ಅರ್ಧದಲ್ಲಿ ಬಿದ್ದ ಮಳೆ ಚಳಿಗಾಲದ ಮಳೆಯಷ್ಟು ಹೊತ್ತು ನೆಲದಲ್ಲಿ ಉಳಿಯುವುದಿಲ್ಲ. ಅದಕ್ಕೆ ಕೊಪ್ಪೆನ್ ಸೂತ್ರದಲ್ಲಿ ಉಷ್ಣತೆಯೂ ಇದೆ, ಮಳೆ ಬೀಳುವ ಕಾಲವೂ ಇದೆ. ವರ್ಷದ ಮಳೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಅಥವಾ ಅದಕ್ಕಿಂತ ಹೆಚ್ಚು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದರೆ ಗಡಿ ಹೀಗೆ:

```
ಗಡಿ (ಮಿಮೀ) = 20 × ವರ್ಷದ ಸರಾಸರಿ ಉಷ್ಣತೆ + 280
```

ನಮ್ಮ ಮುಂಗಾರು ಬಹುಪಾಲು ಆ ಆರು ತಿಂಗಳ ಒಳಗೇ ಬರುವುದರಿಂದ ಪುಣೆಗೆ ಇದೇ ಸೂತ್ರ. ವರ್ಷದ ಸರಾಸರಿ ಉಷ್ಣತೆ ಸುಮಾರು 25 ಡಿಗ್ರಿ. 20 × 25 ಅಂದರೆ 500, ಅದಕ್ಕೆ 280 ಸೇರಿಸಿದರೆ 780. ವರ್ಷದ ಸರಾಸರಿ ಮಳೆ 780 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ B, ಅದರ ಅರ್ಧ 390ಕ್ಕಿಂತಲೂ ಕಡಿಮೆ ಇದ್ದರೆ ಮರುಭೂಮಿ.

ಪುಣೆಯ ಸರಾಸರಿ ಮಳೆ ಎಷ್ಟು? ಯಾವ ಮೂವತ್ತು ವರ್ಷ ಹಿಡಿಯುತ್ತೀರಿ, ಯಾವ ಮಾಪಕ ನೋಡುತ್ತೀರಿ ಅನ್ನುವುದರ ಮೇಲೆ 700ರಿಂದ 800ರ ನಡುವೆ ಎಲ್ಲೋ ಬರುತ್ತದೆ. ಗಡಿ 780. ಗೊತ್ತಾಯ್ತಲ್ಲ? 740 ಹಿಡಿದವರ ನಕ್ಷೆಯಲ್ಲಿ ಪುಣೆ BSh, 790 ಹಿಡಿದವರ ನಕ್ಷೆಯಲ್ಲಿ Aw. ಸರಾಸರಿ ಉಷ್ಣತೆಯನ್ನು ಅರ್ಧ ಡಿಗ್ರಿ ಆಚೆ ಈಚೆ ಹಿಡಿದರೂ ಸಾಕು, ಗಡಿ 10 ಮಿಲಿಮೀಟರ್ ಸರಿಯುತ್ತದೆ. ನಿಮ್ಮ ಮಗಳು ಕಂಡ ಎರಡು ನಕ್ಷೆಗಳ ಜಗಳ ಇಷ್ಟೇ. ಗೆರೆ ನಕ್ಷೆಯಲ್ಲಿ ಕೂದಲೆಳೆಯಷ್ಟು ಸಣ್ಣ, ನೆಲದ ಮೇಲೆ ಅದು ಅಗಲವಾದ ಪಟ್ಟಿ. ಪುಣೆ ಆ ಪಟ್ಟಿಯ ಮೇಲೆಯೇ ಕೂತಿದೆ.

ಈ ಪಟ್ಟಿಯನ್ನು ಕಣ್ಣಾರೆ ನೋಡಬೇಕಾದರೆ ಜುಲೈನಲ್ಲಿ ಮುಂಬೈಯಿಂದ ಪುಣೆಗೆ ರೈಲಿನಲ್ಲಿ ಬನ್ನಿ. ಕರ್ಜತ್ ದಾಟಿ ಘಾಟ್ ಹತ್ತುವಾಗ ಕಿಟಕಿ ತೆರೆಯಲು ಬಿಡದಷ್ಟು ಮಳೆ, ಸುರಂಗದಿಂದ ಸುರಂಗಕ್ಕೆ ನೀರಿನ ಝರಿ. ಲೋಣಾವಳದಲ್ಲಿ ಚಿಕ್ಕಿ ಮಾರುವವರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಒಂದು ಗಂಟೆ ಕಳೆದು ಪಿಂಪರಿ ಬರುವಷ್ಟರಲ್ಲಿ ಎಷ್ಟೋ ದಿನ ಪ್ಲಾಟ್‌ಫಾರಂ ಬರೀ ತೇವ, ಛತ್ರಿಗಳು ಮಡಚಿವೆ. ಸಮುದ್ರದಿಂದ ಬಂದ ಗಾಳಿ ಸಹ್ಯಾದ್ರಿ ಹತ್ತುವಾಗ ತಣ್ಣಗಾಗಿ ನೀರನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಇಳಿಯುವಾಗ ಮತ್ತೆ ಬಿಸಿಯಾಗಿ ಮೋಡ ಕರಗುತ್ತದೆ. ಬೆಟ್ಟದ ಮೇಲಿನ ಮಹಾಬಳೇಶ್ವರಕ್ಕೆ ವರ್ಷಕ್ಕೆ 5000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಪುಣೆ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ನಿಮ್ಮ ಧಾರವಾಡದಿಂದ ಪೂರ್ವಕ್ಕೆ ಹೋದಂತೆ ಮಳೆ ಇಳಿಯುವುದಕ್ಕೂ ಇದೇ ಕಾರಣ.

ಮುಂಬೈ ಮತ್ತು ಗೋವಾದ ವಿಷಯದಲ್ಲಿ ಒಣ ಊರಿನ ಪ್ರಶ್ನೆ ಬರುವುದೇ ಇಲ್ಲ. ಎರಡೂ ನಿರಾಳವಾಗಿ A. ಆದರೆ ಎರಡನೆಯ ಅಕ್ಷರದಲ್ಲಿ ಬೇರೆಯಾಗುತ್ತವೆ, ಅದು ನನಗೆ ಬಹಳ ಇಷ್ಟವಾದ ಭಾಗ. ಅತಿ ಒಣ ತಿಂಗಳಲ್ಲೂ 60 ಮಿಲಿಮೀಟರ್ ಬಿದ್ದರೆ Af, ವರ್ಷವಿಡೀ ತೇವ. ನಮ್ಮ ಕರಾವಳಿಯಲ್ಲಿ ಅದಿಲ್ಲ. ಫೆಬ್ರವರಿಯಲ್ಲಿ ಒಂದು ಹನಿಯೂ ಬೀಳದ ವರ್ಷಗಳೇ ಜಾಸ್ತಿ. ಆದರೆ ಮುಂಗಾರಿನಲ್ಲಿ ನೆಲ ಸಾಕಷ್ಟು ನೀರು ಕುಡಿದಿದ್ದರೆ, ಒಣ ತಿಂಗಳುಗಳಲ್ಲೂ ಮರಗಳು ಹಸಿರಾಗಿ ಉಳಿಯುತ್ತವೆ. ಅದಕ್ಕೊಂದು ರಿಯಾಯಿತಿ ಇದೆ:

```
100 − (ವರ್ಷದ ಮಳೆ ÷ 25)
```

ಅತಿ ಒಣ ತಿಂಗಳ ಮಳೆ ಈ ಅಂಕಿಯಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ Am, ಮಾನ್ಸೂನ್ ವಾಯುಗುಣ. ಕಡಿಮೆ ಇದ್ದರೆ Aw. ಮುಂಬೈಗೆ ವರ್ಷಕ್ಕೆ 2400 ಅಂತ ಹಿಡಿದರೆ 100 − 96, ಅಂದರೆ 4 ಮಿಲಿಮೀಟರ್ ಬೇಕು. ಮುಂಬೈಯ ಅತಿ ಒಣ ತಿಂಗಳಲ್ಲಿ ಅಷ್ಟೂ ಇಲ್ಲ. ಹಾಗಾಗಿ Aw, ಆದರೆ ಅಂಚಿನಲ್ಲಿ. ಪಣಜಿಗೆ 2800ರ ಆಸುಪಾಸು ಹಿಡಿದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಒಣ ತಿಂಗಳಲ್ಲಿ ಏನೂ ಬೀಳದಿದ್ದರೂ ಪಣಜಿ Am. ಮೊಲೆಮ್ ಕಡೆಯ ಕಾಡು ಏಪ್ರಿಲ್‌ನಲ್ಲೂ ದಟ್ಟವಾಗಿರುವುದನ್ನು ಕಂಡವರಿಗೆ ಈ ರಿಯಾಯಿತಿಯ ಅರ್ಥ ತಾನಾಗೇ ಹೊಳೆಯುತ್ತದೆ.

ಮಗಳು ತಾನೇ ಲೆಕ್ಕ ಹಾಕುವುದಾದರೆ ಎರಡು ಕಡೆ ಎಚ್ಚರ ಬೇಕು. ಕೆಲವು ಕಡೆ ಈ ಗಡಿಯನ್ನು ಸೆಂಟಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ, ಆಗ ಅದು 2 × ಉಷ್ಣತೆ + 28. ಅದನ್ನೂ ಇದನ್ನೂ ಬೆರೆಸಿ 74 ಸೆಂಟಿಮೀಟರ್ ಮಳೆಯನ್ನು 780ರ ಜೊತೆ ಹೋಲಿಸಿದರೆ ಪುಣೆ ಮರುಭೂಮಿ ಅಂತ ಉತ್ತರ ಬರುತ್ತದೆ. ಹಾಗೆ ಬಂದರೆ ಮೊದಲು ಅಳತೆಯನ್ನೇ ನೋಡಿ. ಇನ್ನೊಂದು, ಉಷ್ಣತೆಯ ಜಾಗದಲ್ಲಿ ಮೊಬೈಲಿನಲ್ಲಿ ಕಾಣುವ ಮಧ್ಯಾಹ್ನದ ಅಂಕಿ ಹಾಕಬಾರದು. ಹಗಲು ರಾತ್ರಿ ಸೇರಿದ ಸರಾಸರಿಯೇ ಬೇಕು.

ಅಂಕಿಗಳು ಯಾವ ಮಾಪಕದವು ಅಂತಲೂ ಬರೆದುಕೊಳ್ಳಲಿ. ಪುಣೆಯ ಹೆಸರಿನಲ್ಲಿ ಸಾಮಾನ್ಯವಾಗಿ ಸಿಗುವುದು ಶಿವಾಜಿನಗರದ ದಾಖಲೆ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಅಲ್ಲಿಗೆ ಬಂದಿತ್ತು. ಆಮೇಲೆ ಅದು ದಿಲ್ಲಿಗೆ ಹೋಯಿತು, ಆದರೆ ಊರವರ ಬಾಯಲ್ಲಿ ಆ ಕಟ್ಟಡ ಇವತ್ತಿಗೂ ಶಿಮ್ಲಾ ಆಫೀಸ್. ಶಿವಾಜಿನಗರದಿಂದ ಪಶ್ಚಿಮಕ್ಕೆ ಪೌಡ್ ಕಡೆ ಹೋದರೆ ಮಳೆ ಏರುತ್ತದೆ, ಪೂರ್ವಕ್ಕೆ ದೌಂಡ್ ಕಡೆ ಹೋದರೆ ಇಳಿಯುತ್ತದೆ. ನಿಮ್ಮ ಕೋಥ್ರೂಡ್ ಪಶ್ಚಿಮದ, ಅಂದರೆ ಮಳೆ ಹೆಚ್ಚಿರುವ ಬದಿಗಿದೆ. ಹಾಗಾಗಿ ಪ್ರಾಜೆಕ್ಟಿನಲ್ಲಿ "Aw, BSh ಗಡಿಗೆ ತೀರಾ ಹತ್ತಿರ" ಅಂತ ಬರೆದು, ಪಕ್ಕದಲ್ಲಿ ತಾನು ಹಿಡಿದ ಮಳೆ ಮತ್ತು ಉಷ್ಣತೆಯ ಅಂಕಿ, ಅವು ಯಾವ ಮೂವತ್ತು ವರ್ಷದವು ಅನ್ನುವುದನ್ನೂ ಹಾಕಲಿ.