ಓದುಗರ ಪ್ರಶ್ನೆ: ಹಳ್ಳಿ ಶಾಲೆಗೆ ಸೋಲಾರ್ ಹಾಕಿಸಬೇಕೇ, ಇರುವ ಕರೆಂಟೇ ಸಾಕೇ?

ಪ್ರಶ್ನೆ: ನಮ್ಮದು ಐದು ಕೊಠಡಿಗಳ ಅನುದಾನಿತ ಶಾಲೆ. ಬಿಲ್ ನಾವೇ ಕಟ್ಟುತ್ತೇವೆ. ಮಧ್ಯಾಹ್ನ ಸುಮಾರು ಎರಡು ಗಂಟೆ ಕರೆಂಟ್ ಇರುವುದಿಲ್ಲ. ಸೋಲಾರ್ ಲಾಭದಾಯಕವೇ?

ಉತ್ತರ: ಮೊದಲು ಬಳಕೆಯನ್ನು ಅಳೆಯೋಣ. 75 ವ್ಯಾಟ್‌ನ ಹತ್ತು ಫ್ಯಾನ್, 20 ವ್ಯಾಟ್‌ನ ಹತ್ತು ಟ್ಯೂಬ್‌ಲೈಟ್ ಮತ್ತು ಎರಡು ಕಂಪ್ಯೂಟರ್ ಇದ್ದರೆ ಒಟ್ಟು ಸುಮಾರು 1,250 ವ್ಯಾಟ್ ಆಗುತ್ತದೆ. ಎಲ್ಲವೂ ಒಟ್ಟಿಗೆ ಉರಿಯುವುದು ಅಪರೂಪವಾದ್ದರಿಂದ ದಿನಕ್ಕೆ 5 ಯೂನಿಟ್, 220 ಶಾಲಾ ದಿನಗಳಿಗೆ 1,100 ಯೂನಿಟ್ ಎಂದು ಹಿಡಿಯಬಹುದು. ಯೂನಿಟ್‌ಗೆ ₹8 ಮತ್ತು ತಿಂಗಳಿಗೆ ₹300 ನಿಗದಿತ ಶುಲ್ಕದಂತೆ ವರ್ಷದ ಬಿಲ್ ₹12,400 ಆಗುತ್ತದೆ. ಈ ದರಗಳೂ ಕೆಳಗಿನ ಬೆಲೆಗಳೂ ಅಂದಾಜಿನವು. ನಿಮ್ಮ ಬಿಲ್ ಮತ್ತು ಕೊಟೇಶನ್ ನೋಡಿ ಬದಲಿಸಿಕೊಳ್ಳಿ.

| ವ್ಯವಸ್ಥೆ | ಆರಂಭಿಕ ವೆಚ್ಚ (₹) | ವರ್ಷದ ಖರ್ಚು (₹) | 10 ವರ್ಷಕ್ಕೆ ಒಟ್ಟು (₹) |
|---|---|---|---|
| ಕರೆಂಟ್ ಮಾತ್ರ | 0 | 12,400 | 1,24,000 |
| ಕರೆಂಟ್, ಇನ್ವರ್ಟರ್, ಒಂದು ಬ್ಯಾಟರಿ | 25,000 | 12,400 | 1,64,000 |
| ಕರೆಂಟ್, 2 ಕಿಲೋವ್ಯಾಟ್ ಆನ್‌ಗ್ರಿಡ್ ಸೋಲಾರ್ | 1,20,000 | 700 | 1,27,000 |
| ಕರೆಂಟ್, 1 ಕಿಲೋವ್ಯಾಟ್ ಬ್ಯಾಟರಿ ಸೋಲಾರ್ | 1,00,000 | 7,800 | 2,08,000 |

ಬ್ಯಾಟರಿ ಇರುವ ಎರಡೂ ಸಾಲುಗಳಲ್ಲಿ, ಐದು ವರ್ಷದ ನಂತರ ಬ್ಯಾಟರಿ ಬದಲಿಸುವ ಖರ್ಚು (₹15,000 ಮತ್ತು ₹30,000) ಕೊನೆಯ ಅಂಕಣದಲ್ಲಿ ಸೇರಿದೆ.

ಮೂರನೆಯ ಸಾಲಿನ ಆನ್‌ಗ್ರಿಡ್ ಸೋಲಾರ್, ಅಂದರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸಿದ ಸೋಲಾರ್, ಆಕರ್ಷಕವಾಗಿ ಕಾಣುತ್ತದೆ, ಆದರೆ ಅದರೊಳಗೆ ಒಂದು ಷರತ್ತಿದೆ. ವರ್ಷಕ್ಕೆ ಬರುವ ಸುಮಾರು 2,900 ಯೂನಿಟ್‌ಗಳಲ್ಲಿ ಶಾಲೆ ನೇರವಾಗಿ ಬಳಸುವುದು 900 ಮಾತ್ರ. ಬಿಸಿಲು ಜೋರಾಗಿರುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೇ ಬೀಗ. ಉಳಿದ 2,000 ಯೂನಿಟ್‌ಗೆ ಎಸ್ಕಾಂ ತಲಾ ₹3 ಕೊಟ್ಟರೆ ಮಾತ್ರ ಈ ಲೆಕ್ಕ ಸರಿ. ಏನೂ ಸಿಗದಿದ್ದರೆ ಹತ್ತು ವರ್ಷದ ಮೊತ್ತ ₹1,87,000ಕ್ಕೆ ಏರುತ್ತದೆ. ಪ್ಯಾನೆಲ್‌ಗಳು ಹತ್ತು ವರ್ಷದ ನಂತರವೂ ದುಡಿಯುತ್ತವೆ ಎಂಬುದು ನಿಜ. ಆದರೆ ಅಷ್ಟು ವರ್ಷ ಕಾಯುವ ಹಣ ಶಾಲೆಯ ಬಳಿ ಇರಬೇಕಲ್ಲ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕರೆಂಟ್ ಹೋದ ಕೂಡಲೇ ಆನ್‌ಗ್ರಿಡ್ ಇನ್ವರ್ಟರ್ ತಾನೇ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಿಮ್ಮ ಚಾವಣಿಯ ವಿದ್ಯುತ್ ತಗುಲಬಾರದೆಂದು ಹಾಗೆ ಮಾಡಿರುತ್ತಾರೆ. ಹೀಗಾಗಿ ಮಧ್ಯಾಹ್ನದ ಆ ಎರಡು ಗಂಟೆ, ನೆತ್ತಿಯ ಮೇಲೆ ಸುಡುವ ಬಿಸಿಲಿದ್ದರೂ, ಕಂಪ್ಯೂಟರ್ ಪರದೆ ಕಪ್ಪಾಗಿಯೇ ಇರುತ್ತದೆ. ಬ್ಯಾಟರಿ ಇರುವ ಸೋಲಾರ್ ಈ ಕೊರತೆ ನೀಗಿಸುತ್ತದೆ, ಆದರೆ ಅದರ ಉಳಿತಾಯದ ಬಹುಪಾಲನ್ನು ಬ್ಯಾಟರಿ ಬದಲಿಸುವ ಖರ್ಚೇ ನುಂಗುತ್ತದೆ.

ಆದ್ದರಿಂದ ನಿಮ್ಮ ಶಾಲೆಗೆ ನಮ್ಮ ಶಿಫಾರಸು ಎರಡನೆಯ ಸಾಲು. 150 ಆಂಪಿಯರ್-ಅವರ್‌ನ, 12 ವೋಲ್ಟ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿಯಿಂದ ಸುಮಾರು 1 ಯೂನಿಟ್ ನಿರಾಯಾಸವಾಗಿ ತೆಗೆಯಬಹುದು; ಟ್ಯೂಬ್‌ಲೈಟ್ ಮತ್ತು ಕಂಪ್ಯೂಟರ್‌ಗಳಿಗೆ ಎರಡು ಗಂಟೆಗೆ ಅಷ್ಟು ಸಾಕು, ಫ್ಯಾನ್‌ಗಳಿಗೆ ಸಾಲದು. ದಾನಿಗಳು ಸೋಲಾರ್‌ನ ಆರಂಭಿಕ ವೆಚ್ಚ ಭರಿಸಿದರೆ, ಅಥವಾ ಕರೆಂಟ್ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಹೋಗುವಂತಿದ್ದರೆ, ನಾಲ್ಕನೆಯ ಸಾಲನ್ನು ಆರಿಸಬಹುದು. ನಿರ್ಧರಿಸುವ ಮುನ್ನ ಮೂರು ವಾರ ಕರೆಂಟ್ ಹೋದ, ಬಂದ ಸಮಯವನ್ನೂ ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಮೀಟರ್ ರೀಡಿಂಗನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.