ಒಂದೇ ಸ್ಪೀಕರ್ ಹಾಡುತ್ತಿದ್ದರೆ

ಕಂಪ್ಯೂಟರಿನ ಎಡಗಡೆ ಸ್ಪೀಕರ್ ಸುಮ್ಮನಾದ ಕೂಡಲೇ ‘ಸುಟ್ಟುಹೋಯ್ತು’ ಅಂತ ತೀರ್ಪು ಕೊಡುವವರೇ ಜಾಸ್ತಿ. ಸ್ಪೀಕರ್ ಸುಡುವುದು ಅಪರೂಪ. ಹೆಚ್ಚಿನ ಸಲ ಶಬ್ದ ಅಲ್ಲಿಗೆ ತಲುಪಿರುವುದೇ ಇಲ್ಲ.

ಸ್ಟೀರಿಯೋದಲ್ಲಿ ಎಡದ ಶಬ್ದಕ್ಕೂ ಬಲದ ಶಬ್ದಕ್ಕೂ ಬೇರೆ ಬೇರೆ ದಾರಿ. 1881ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಎಂಜಿನಿಯರ್ ಕ್ಲೆಮಾಂ ಆದೇರ್ ಒಪೆರಾವನ್ನು ಟೆಲಿಫೋನ್ ತಂತಿಯಲ್ಲಿ ಕೇಳಿಸಿದಾಗಲೂ ಹೀಗೇ ಇತ್ತು: ಒಂದೊಂದು ಕಿವಿಗೆ ಒಂದೊಂದು ರಿಸೀವರ್. ಒಂದು ದಾರಿ ಕಡಿದರೂ ಇನ್ನೊಂದು ನಡೆಯುತ್ತಲೇ ಇರುತ್ತದೆ. ಎಲ್ಲಿ ಕಡಿದಿದೆ ಅಂತ ಹುಡುಕುವುದೇ ನಮ್ಮ ಕೆಲಸ.

ವಿಂಡೋಸ್ 11ರಲ್ಲಿ Settings > System > Sound ತೆರೆಯಿರಿ. ಮೇಲ್ಗಡೆ ನಿಮ್ಮ ಸ್ಪೀಕರೇ ಆಯ್ಕೆಯಾಗಿದೆಯಾ ನೋಡಿ. ಕೆಲವೊಮ್ಮೆ ಮಾನಿಟರಿನೊಳಗಿನ ಸ್ಪೀಕರ್ ಆಯ್ಕೆಯಾಗಿರುತ್ತದೆ. ನಿಮ್ಮ ಸ್ಪೀಕರಿನ ಹೆಸರು ಒತ್ತಿದರೆ Left channel, Right channel ಎಂಬ ಎರಡು ಪಟ್ಟಿಗಳು ಕಾಣುತ್ತವೆ. ಎರಡೂ ಸಮ ಇರಲಿ.

ಆಮೇಲೆ Mono audio ಆನ್ ಮಾಡಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಮೋನೋ ಎರಡೂ ಕಡೆಯ ಶಬ್ದವನ್ನು ಬೆರೆಸಿ ಎರಡೂ ಸ್ಪೀಕರಿಗೆ ಒಂದನ್ನೇ ಕಳಿಸುತ್ತದೆ. ಈಗ ಎರಡೂ ಹಾಡಿದರೆ ತಂತಿ, ಸ್ಪೀಕರ್ ಎಲ್ಲ ಸರಿಯಿದೆ. ರೆಕಾರ್ಡಿಂಗಿನಲ್ಲೇ ಒಂದು ಕಡೆ ಖಾಲಿ. 1960ರ ದಶಕದ ಕೆಲವು ರೆಕಾರ್ಡುಗಳಲ್ಲಿ ಹಾಡುಗಾರರ ದನಿಯನ್ನು ಒಂದೇ ಬದಿಗೆ ಇಟ್ಟುಬಿಡುತ್ತಿದ್ದರು. ಆದರೆ ಮೋನೋದಲ್ಲೂ ಎಡಗಡೆ ಮೌನವೇ ಇದ್ದರೆ ಪ್ಲಗ್ಗಿನ ಕಡೆ ನೋಡಬೇಕು.

3.5 ಮಿಲಿಮೀಟರ್ ಪ್ಲಗ್ಗಿನ ಮೇಲೆ ಎರಡು ಕಪ್ಪು ಗೆರೆಗಳಿವೆ, ಅಲ್ವಾ? ಅವು ಲೋಹವನ್ನು ಮೂರು ಭಾಗ ಮಾಡುತ್ತವೆ. ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡ ಎರಡಕ್ಕೂ ಸೇರಿದ ಗ್ರೌಂಡ್ ತಂತಿಗೆ. ಪ್ಲಗ್ ಪೂರ್ತಿ ಒಳಗೆ ಹೋಗದಿದ್ದರೆ ಈ ಮೂರೂ ಒಂದು ಮನೆ ಹಿಂದೆ ಸರಿಯುತ್ತವೆ. ಆಗ ಪ್ಲಗ್ ಸಿಕ್ಕಿಸುವ ಜ್ಯಾಕಿನೊಳಗೆ ಎಡಗಡೆ ಸ್ಪ್ರಿಂಗಿಗೆ ಏನೂ ತಾಗುವುದಿಲ್ಲ, ಎಡದ ಶಬ್ದ ಎಲ್ಲಿಗೂ ಹೋಗುವುದಿಲ್ಲ. ಜ್ಯಾಕಿನ ಬಲಗಡೆ ಸ್ಪ್ರಿಂಗ್ ಈಗ ತುದಿಗೆ ತಾಗುವುದರಿಂದ ಬಲದ ಶಬ್ದ ಎಡ ಸ್ಪೀಕರಿನಲ್ಲಿ ಬರುತ್ತದೆ! ಟಕ್ ಅನ್ನುವ ತನಕ ಒತ್ತಿ. ಮೊಬೈಲ್ ಜ್ಯಾಕಿನಲ್ಲಾದರೆ ತಳದಲ್ಲಿ ಅಂಟಿಕೊಂಡ ಧೂಳು ಪ್ಲಗ್ಗನ್ನು ತಡೆಯುವುದುಂಟು.

ಇನ್ನೂ ಸರಿಹೋಗದಿದ್ದರೆ ಸ್ಪೀಕರಿನ ಹಿಂದಿನ ಕೆಂಪು, ಬಿಳಿ ಪ್ಲಗ್ಗುಗಳನ್ನು ಅದಲುಬದಲು ಮಾಡಿ. ಮೌನ ಬಲಕ್ಕೆ ಹೋದರೆ ತಪ್ಪು ಕೇಬಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ. ಎಡದಲ್ಲೇ ಉಳಿದರೆ ಆಗ ಮಾತ್ರ ಸ್ಪೀಕರನ್ನೋ, ಎರಡು ಸ್ಪೀಕರುಗಳ ನಡುವಿನ ತಂತಿಯನ್ನೋ ಅನುಮಾನಿಸಬಹುದು.

ಹೆಡ್‌ಫೋನಿನಲ್ಲಿ ಇನ್ನೊಂದು ವಿಚಿತ್ರವಿದೆ. ಎರಡೂ ಕಡೆ ವಾದ್ಯ ಕೇಳುತ್ತದೆ, ಹಾಡುವ ದನಿ ಮಾತ್ರ ಮಾಯ. ಅಲ್ಲಿ ಕಡಿದಿರುವುದು ಗ್ರೌಂಡ್ ತಂತಿ. ಆಗ ಕಿವಿಗೆ ಬರುವುದು ಎಡ, ಬಲಗಳ ವ್ಯತ್ಯಾಸ ಮಾತ್ರ. ಹಾಡುವ ದನಿಯನ್ನು ಸಾಮಾನ್ಯವಾಗಿ ಎರಡರಲ್ಲೂ ಸಮವಾಗಿ ಇಟ್ಟಿರುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಅದು ಸೊನ್ನೆಯಾಗುತ್ತದೆ. Mono audio ಆನ್ ಮಾಡಿದರೆ ಹೆಚ್ಚುಕಡಿಮೆ ಎಲ್ಲವೂ ಮೌನವಾಗುತ್ತದೆ, ಯಾಕೆಂದರೆ ಆಗ ಎಡ, ಬಲ ಎರಡೂ ಒಂದೇ.